ಕನ್ನಡದ ಪ್ರತಿಧ್ವನಿ ಪದಗಳು: ಸಂಶೋಧನಾ ಪ್ರಸ್ತಾವದ ಪತ್ರ

12 ಜೂನ್ 2024
ಮೈಸೂರು

ಮಾನ್ಯ ಸರ್ ಅವರಿಗೆ ವಂದನೆಗಳು.

ಮಹಾಪ್ರಬಂಧಕ್ಕೆ ವಿಷಯವನ್ನು ಬರವಣಿಗೆಯಲ್ಲಿ ಕೊಡಲು ಹೇಳಿದ್ದಿರಿ. ನಾನು ಆರಿಸಿಕೊಂಡಿರುವುದು ‘ಕನ್ನಡದ ಪ್ರತಿಧ್ವನಿ ಪದಗಳು: ರಚನೆ, ಮಿತಿ, ಬಳಕೆ’. ಊಟ-ಗೀಟ, ಪುಸ್ತಕ-ಗಿಸ್ತಕ, ಬಿದ್ದು-ಗಿದ್ದು ಬಗೆಯವು ಮಾತ್ರ. ಬಟ್ಟೆಬರೆ, ಮಕ್ಕಳುಮರಿ, ಹಣ್ಣುಹಂಪಲುಗಳಂಥ ಜೋಡುನುಡಿಗಳನ್ನೂ, ಬೇಗಬೇಗ ಎಂಬಂಥ ದ್ವಿರುಕ್ತಿಯನ್ನೂ, ಪಟಪಟದಂಥ ಅನುಕರಣಗಳನ್ನೂ ಹೊರಗಿಡುತ್ತೇನೆ. ಜೋಡುನುಡಿಯನ್ನು ಒಂದೊಂದಾಗಿ ಕಲಿಯಬೇಕು, ನಿಘಂಟಿನಲ್ಲಿ ಕೊಡಬೇಕು. ಪ್ರತಿಧ್ವನಿ ಪದವನ್ನು ಇವತ್ತು ಬಂದ ಎರವಲು ಪದದಿಂದಲೂ ತಕ್ಷಣ ಕಟ್ಟಬಹುದು. ನಿಯಮವಿರುವುದು ಅಲ್ಲಿ.

ಆ ನಿಯಮ ಮೇಲ್ನೋಟಕ್ಕೆ ಸರಳ. ಮೊದಲ ಸ್ವರಕ್ಕೆ ಮುಂಚೆ ವ್ಯಂಜನವಿದ್ದರೆ ಅದೆಲ್ಲ ಬಿದ್ದುಹೋಗುತ್ತದೆ, ಮೊದಲ ಸ್ವರ ಯಾವುದೇ ಆಗಿರಲಿ ಇಕಾರವಾಗುತ್ತದೆ, ಆ ಇಕಾರಕ್ಕೆ ಮೊದಲು ‘ಗ್’ ಬರುತ್ತದೆ. ಸ್ವರದ ಗುಣ ಅಳಿದರೂ ಅದರ ಹ್ರಸ್ವ-ದೀರ್ಘದ ಅಳತೆ ಮಾತ್ರ ಉಳಿಯುತ್ತದೆ: ಮನೆ-ಗಿನೆ, ಹಾವು-ಗೀವು, ಎಣ್ಣೆ-ಗಿಣ್ಣೆ, ಕಾಫಿ-ಗೀಫಿ. ತೆಲುಗಿನ ಪುಲಿ-ಗಿಲಿ, ತಮಿಳಿನ ಪುಲಿ-ಕಿಲಿ ಇದೇ ಜಾಡಿನವು. ಬೇರೆ ಬೇರೆ ಕುಲದ ನುಡಿಗಳೂ ಲಕ್ಷಣಗಳನ್ನು ಹಂಚಿಕೊಂಡಿರುವ ಭಾರತವೇ ಒಂದು ಭಾಷಾಕ್ಷೇತ್ರ ಎಂದು 1956ರಲ್ಲಿ ವಾದಿಸಿದ ಭಾಷಾವಿಜ್ಞಾನಿ ಎಮೆನೋ ಇಂಥ ಪದಗಳತ್ತಲೂ ಬೊಟ್ಟು ಮಾಡಿದ್ದರು. ನನ್ನ ವಾದ ಇಷ್ಟು: ಇದನ್ನು ಬಾಯಿಮಾತಿನ ಧ್ವನಿಯಾಟ ಎಂದು ವ್ಯಾಕರಣದ ಕೊನೆಯ ಪುಟಕ್ಕೆ ತಳ್ಳುವುದು ಸರಿಯಲ್ಲ. ‘ಗಿ’ ಒಂದು ವ್ಯಾಕರಣ ಘಟಕ. ಅದು ಎಲ್ಲಿ ಕೂರುತ್ತದೆ, ಎಲ್ಲಿ ಕೂರಲೊಪ್ಪುವುದಿಲ್ಲ ಎಂಬುದರಿಂದ ಕನ್ನಡದಲ್ಲಿ ‘ಪದ’ ಅಂದರೆ ಎಷ್ಟು ಎಂಬುದನ್ನೇ ಅಳೆಯಬಹುದು.

ಹೆಚ್ಚು ಸಮಯ ಕೊಡಬೇಕೆಂದಿರುವುದು ಪ್ರತ್ಯಯದ ಪ್ರಶ್ನೆಗೆ. ‘ಬಾಗಿಲು-ಗೀಗಿಲನ್ನು ಮುಚ್ಚು’ ಎನ್ನಬಹುದು, ‘ಬಾಗಿಲನ್ನು-ಗೀಗಿಲನ್ನು ಮುಚ್ಚು’ ಎಂದೂ ಎನ್ನಬಹುದು. ‘ಬಾಗಿಲು ಮುಚ್ಚಿದೆ ಗೀಗಿಲು ಮುಚ್ಚಿದೆ ಅಂತೆಲ್ಲ ಹೇಳಬೇಡ’ ಎಂಬಲ್ಲಿ ಇಡೀ ಪದಪುಂಜ ಮರುಕಳಿಸಿದೆ, ‘ಗಿ’ ತಗುಲಿರುವುದು ಅದರ ತಲೆಗೆ ಮಾತ್ರ. ಆದರೆ ಬರೀ ‘-ಅನ್ನು’ ಪ್ರತ್ಯಯವನ್ನು ಹಿಡಿದು ‘ಗಿನ್ನು’ ಎನ್ನಲು ಬರುವುದಿಲ್ಲ. ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ 2001ರ ಲೇಖನದಲ್ಲಿ ಪದರಚನೆಯ ಸಿದ್ಧಾಂತಕ್ಕೆ ಆಧಾರವಾಗಿ ತೆಗೆದುಕೊಂಡದ್ದು ಕನ್ನಡದ ಇದೇ ಬಗೆಯ ವಾಕ್ಯಗಳನ್ನು. ನಾನು ಅಲ್ಲಿಂದ ಮುಂದಕ್ಕೆ ಕೇಳಬೇಕೆಂದಿರುವುದು ಬೇರೆ: ಎರಡೂ ಸರಿ ಎನ್ನುವ ಕಡೆ ಅರ್ಥವೂ ಒಂದೆಯೇ? ‘ಬಾಗಿಲು-ಗೀಗಿಲನ್ನು’ ಅಂದಾಗ ಕಿಟಕಿಯೂ ಸೇರಿದ ಒಂದು ಗುಂಪು, ‘ಬಾಗಿಲನ್ನು-ಗೀಗಿಲನ್ನು’ ಅಂದಾಗ ಅಸಡ್ಡೆ ಜಾಸ್ತಿ ಎಂಬುದು ನನ್ನ ಊಹೆ. ಊಹೆ ಸುಳ್ಳಾದರೂ ಅಧ್ಯಾಯ ನಿಲ್ಲುತ್ತದೆ.

ಎರಡನೆಯ ಗಂಟು, ‘ಗಿ’ಯಿಂದಲೇ ಶುರುವಾಗುವ ಪದಗಳು: ಗಿಡ, ಗಿಳಿ, ಗಿರಾಕಿ, ಗೀರು. ನಿಯಮ ಹಾಕಿದರೆ ‘ಗಿಡ-ಗಿಡ’ ಆಗುತ್ತದೆ, ಕೇಳುವವರಿಗೆ ಅದು ‘ಪ್ರತಿ ಗಿಡ’ ಎಂಬ ದ್ವಿರುಕ್ತಿ. ಆಗ ಮಾತನಾಡುವವರು ಬೇರೆ ವ್ಯಂಜನ ಹಿಡಿಯುತ್ತಾರೋ, ‘ಗಿಡಗಂಟಿ’ಯಂಥ ಸಿದ್ಧ ಜೋಡಿಗೆ ಜಾರುತ್ತಾರೋ, ಸುಮ್ಮನಾಗಿ ‘ಗಿಡ ಅದು ಇದು’ ಎನ್ನುತ್ತಾರೋ? ಎರವಲು ಪದಗಳಲ್ಲೂ ಇಂಥ ಪರೀಕ್ಷೆ ಅಡಗಿದೆ. ‘ಸ್ಕೂಲು’ ಎನ್ನುವವರ ಬಾಯಲ್ಲಿ ‘ಗೀಲು’ ಬರಬೇಕು, ‘ಇಸ್ಕೂಲು’ ಎನ್ನುವವರ ಬಾಯಲ್ಲಿ ‘ಗಿಸ್ಕೂಲು’. ಇಸ್ಕೂಲು ಎನ್ನುವವರೂ ‘ಗೀಲು’ ಅಂದರೆ ಆ ಇಕಾರ ಬರೀ ಉಚ್ಚಾರದ ಮಟ್ಟದ್ದು ಎಂದಾಯಿತು. ಔಷಧ, ಪೈಸೆಗಳ ಸಂಧ್ಯಕ್ಷರಕ್ಕೆ ಏನಾಗುತ್ತದೆ ಎಂಬುದನ್ನು ಧ್ವನಿಮುದ್ರಣ ನೋಡದೆ ಹೇಳುವ ಧೈರ್ಯ ಮಾಡುವುದಿಲ್ಲ.

ಸಾಮಗ್ರಿ ಎರಡು ಕಡೆಯಿಂದ. ಮೊದಲನೆಯದು ಕ್ಷೇತ್ರಕಾರ್ಯ: ಮೈಸೂರು, ಮಂಗಳೂರು, ಧಾರವಾಡ, ಕಲಬುರಗಿ, ಒಂದೊಂದು ಕಡೆ 12 ಜನ, ಒಟ್ಟು 48. ಅರ್ಧದಷ್ಟು ಜನ 30ರ ಒಳಗಿನವರು, ಉಳಿದವರು 50 ದಾಟಿದವರು. ಒಬ್ಬೊಬ್ಬರಿಗೆ 60 ಪದ, ಅದರಲ್ಲಿ 20 ಸುಮ್ಮನೆ ಗಮನ ತಪ್ಪಿಸಲು. ‘ಇದಕ್ಕೆ ಗಿ ಹಚ್ಚಿ ಹೇಳಿ’ ಎಂದು ಕೇಳಿದರೆ ಕೆಲಸ ಕೆಟ್ಟಿತು. ನಾಲ್ಕನೇ ಪದದ ಹೊತ್ತಿಗೆ ಅವರು ನಿಯಮ ಹಿಡಿದು ಯಂತ್ರದಂತೆ ಹೇಳತೊಡಗುತ್ತಾರೆ, ಗಿಡಕ್ಕೂ ‘ಗಿಡ-ಗಿಡ’ ಎಂದೇ ಬಿಡುತ್ತಾರೆ. ಅದಕ್ಕೆ ಸನ್ನಿವೇಶ ಕೊಟ್ಟು ಮಾತು ಹೊರಡಿಸಬೇಕು: ಹುಲ್ಲಿನಲ್ಲಿ ಕಾಲಿಡುವ ಮಗುವನ್ನು ಎಚ್ಚರಿಸಿ ಎಂದರೆ ‘ಹಾವುಗೀವು ಇದ್ದೀತು’ ತಾನಾಗಿ ಬರುತ್ತದೆ. ಎಚ್ಚರಿಕೆ, ಪ್ರಶ್ನೆ, ನಿಷೇಧ, ‘-ಅರೆ’ ವಾಕ್ಯಗಳಲ್ಲಿ ಇದು ಸಲೀಸು. ‘ನಿನ್ನೆ ಆ ಪುಸ್ತಕ-ಗಿಸ್ತಕ ಓದಿ ಮುಗಿಸಿದೆ’ ಎಂದು ಗೊತ್ತಾದ ಒಂದೇ ವಸ್ತುವಿಗೆ ಹೇಳಿದರೆ ಕಿವಿಗೆ ತೊಡರುತ್ತದೆ. ಆಮೇಲೆ 1ರಿಂದ 5ರ ಅಂಕದಲ್ಲಿ ಒಪ್ಪಿಗೆಯ ಪರೀಕ್ಷೆ. ಮುದ್ರಣ 44.1 ಕಿಲೋಹರ್ಟ್ಸ್, 16 ಬಿಟ್, WAV; ಸ್ವರದ ಅಳತೆ Praat ಎಂಬ ಧ್ವನಿ ವಿಶ್ಲೇಷಣೆಯ ತಂತ್ರಾಂಶದಲ್ಲಿ.

ಎರಡನೆಯದು ಬರಹದ ಸಂಗ್ರಹ. ಅದರಲ್ಲಿ ಪ್ರತಿಧ್ವನಿ ಪದಗಳನ್ನು ಹುಡುಕಲು ಪೈಥಾನಿನಲ್ಲಿ ಈ ವಿನ್ಯಾಸ ಹಾಕಿಕೊಂಡಿದ್ದೇನೆ:

```
(?<![\u0C80-\u0CFF])
(?:[\u0C85-\u0C94]|[\u0C95-\u0CB9](?:\u0CCD[\u0C95-\u0CB9])*[\u0CBE-\u0CCC]?)
([\u0C82\u0C95-\u0CB9][\u0C80-\u0CFF]*)
[\s\-]?\u0C97[\u0CBF\u0CC0]\1
```

(ನಾಲ್ಕು ಸಾಲನ್ನು `re.VERBOSE` ಕೊಟ್ಟು ಓಡಿಸಬೇಕು.) ಪದದ ಗಡಿಗೆ `\b` ಹಾಕಿಲ್ಲ, ಏಕೆಂದರೆ ಪೈಥಾನಿನ `re` ಕನ್ನಡದ ಗುಣಿತ ಚಿಹ್ನೆಗಳನ್ನು ಅಕ್ಷರವೆಂದು ಎಣಿಸುವುದಿಲ್ಲ, ಪದವನ್ನು ನಡುವೆಯೇ ಕಡಿಯುತ್ತದೆ. ಇನ್ನೊಂದು ಬಲೆ: ದೀರ್ಘ ‘ೀ’ ಕೆಲವು ಕಡತಗಳಲ್ಲಿ U+0CBF, U+0CD5 ಎಂದು ಎರಡು ತುಂಡಾಗಿ ಕೂತಿರುತ್ತದೆ. ಮೊದಲು ಕಡತವನ್ನು NFC, ಅಂದರೆ ತುಂಡುಗಳು ಒಂದುಗೂಡಿದ ಯೂನಿಕೋಡ್ ರೂಪಕ್ಕೆ ತರದಿದ್ದರೆ ಊಟ-ಗೀಟದಂಥ ದೀರ್ಘದ ಜೋಡಿಗಳು ಜಾರಿಹೋಗುತ್ತವೆ. ಇಷ್ಟಾದ ಮೇಲೂ ಸುಳ್ಳು ಫಲಿತ ತಪ್ಪದು. ‘ಕೆಳಗಿಳಿದ’ ಎಂಬುದರಲ್ಲಿ ಯಂತ್ರ ಕೆಳ-ಗಿಳವನ್ನು ಕಾಣುತ್ತದೆ, ‘ಕಾಡ ಗಿಡ’ವೂ ಸಿಕ್ಕಿಬೀಳುತ್ತದೆ. ಎರಡನೆಯದನ್ನು ಹ್ರಸ್ವ-ದೀರ್ಘ ಹೊಂದಾಣಿಕೆಯ ನಿಯಮವೇ ಹೊರದಬ್ಬುತ್ತದೆ. ಮೊದಲನೆಯದಕ್ಕೆ ಕಣ್ಣೇ ಗತಿ. ಬರಹದಲ್ಲಿ ಇಂಥ ಪದಗಳು ಬಹುಪಾಲು ಕತೆ, ನಾಟಕಗಳ ಸಂಭಾಷಣೆಯಲ್ಲೇ ಸಿಗುವುದರಿಂದ ಪತ್ರಿಕೆಯ ವರದಿಗಳನ್ನು ಕಡಿಮೆ ಇಟ್ಟಿದ್ದೇನೆ.

ಮೊದಲ ವರ್ಷ ಪ್ರಶ್ನಾವಳಿ, ಸಂಗ್ರಹ ಮತ್ತು ಮೈಸೂರಿನ 12 ಜನ, ಎರಡನೆಯ ವರ್ಷ ಉಳಿದ ಮೂರು ಕಡೆ, ಮೂರನೆಯದು ಬರವಣಿಗೆಗೆ. ಹೆಸರುಗಳ ಮೇಲೆ ಇದನ್ನು ಹಚ್ಚಿದಾಗ (ರಾಮು-ಗೀಮು) ಬರುವ ತಾತ್ಸಾರವನ್ನು ಒಂದು ಅಧ್ಯಾಯ ಮಾಡಬೇಕೇ, ಅರ್ಥದ ಅಧ್ಯಾಯದೊಳಗೇ ಸೇರಿಸಬೇಕೇ ಎಂಬುದು ನನಗಿನ್ನೂ ಬಗೆಹರಿದಿಲ್ಲ. ಪರಿಚಿತರ ಹೆಸರಿಟ್ಟು ಕೇಳಿದರೆ ಮಾತುಗಾರರು ಹಿಂಜರಿಯುತ್ತಾರೆ, ಕಟ್ಟಿದ ಹೆಸರಿಟ್ಟರೆ ತಾತ್ಸಾರವೇ ಹುಟ್ಟುವುದಿಲ್ಲ. ಇದಕ್ಕೆ ತಮ್ಮ ಸಲಹೆ ಬೇಕು.

60 ಪದಗಳ ಪಟ್ಟಿ ಮತ್ತು 24 ಸನ್ನಿವೇಶಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಪಟ್ಟಿಯಲ್ಲಿ 9ರಿಂದ 17ರವರೆಗಿನ ‘ಗಿ’ ಪದಗಳನ್ನು ದಯವಿಟ್ಟು ಮೊದಲು ನೋಡಿ. ಮುಂದಿನ ಬುಧವಾರ ತಮಗೆ ಬಿಡುವಿದ್ದರೆ ಬಂದು ಕಾಣುತ್ತೇನೆ.

ಇಂತಿ ತಮ್ಮ ವಿದ್ಯಾರ್ಥಿನಿ,
ಸವಿತಾ