ಎಟಿಎಂನಲ್ಲಿ ಬಾರದ ₹10,000 ವಾಪಸ್ ಹಾಕದ ಬ್ಯಾಂಕ್ ಮೇಲೆ ದೂರು

ತಿಪಟೂರು, 21 ಏಪ್ರಿಲ್ 2025

ಒಂಬುಡ್ಸ್‌ಮನ್ ಅವರಿಗೆ,
ಭಾರತೀಯ ರಿಸರ್ವ್ ಬ್ಯಾಂಕ್

ನಮಸ್ಕಾರ. ಬ್ಯಾಂಕ್, ಶಾಖೆ, ಖಾತೆ ನಂಬರ್ ಎಲ್ಲಾ ಪೋರ್ಟಲ್‌ನ ಕಾಲಂಗಳಲ್ಲಿ ತುಂಬಿದ್ದೇನೆ. ಏನಾಯ್ತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ 3ರ ಸಂಜೆ 6.40ಕ್ಕೆ ಬಸ್ ಸ್ಟ್ಯಾಂಡ್ ಹತ್ತಿರದ ಎಟಿಎಂನಲ್ಲಿ ₹10,000 ತೆಗೆಯಲು ಹೋದೆ. ಎಟಿಎಂ ಬೇರೆ ಬ್ಯಾಂಕಿನದು. ಒಳಗೆ ನೋಟು ಎಣಿಸೋ ಸದ್ದು ಬಂತು, ಆದರೆ ಹಣ ಬರುವ ಬಾಗಿಲು ತೆರೆಯಲೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಹಣ ಕೊಡಲು ಆಗುತ್ತಿಲ್ಲ ಅಂತ ಸ್ಕ್ರೀನ್ ಮೇಲೆ ಬಂತು, ಚೀಟಿಯೂ ಬಂತು. ಅಷ್ಟರಲ್ಲಿ ₹10,000 ಕಡಿತ ಅಂತ ಮೊಬೈಲ್‌ಗೆ ಮೆಸೇಜ್! ತೋಟದ ಕೂಲಿಯವರಿಗೆ ಕೊಡಬೇಕಿದ್ದ ದುಡ್ಡದು, ಕೊನೆಗೆ ಸಾಲ ಮಾಡಿ ಕೊಟ್ಟೆ.

ಮಾರ್ಚ್ 6ರಂದು ನನ್ನ ಶಾಖೆಗೆ ಲಿಖಿತ ದೂರು ಕೊಟ್ಟು ಸೀಲ್ ಹಾಕಿಸಿಕೊಂಡೆ. ಇವತ್ತಿನವರೆಗೆ ಒಂದು ಸಾಲಿನ ಉತ್ತರ ಇಲ್ಲ. ಆ್ಯಪ್‌ನಲ್ಲಿ ದೂರು ಇನ್ನೂ 'ಪರಿಶೀಲನೆಯಲ್ಲಿದೆ' ಅಂತಲೇ ತೋರಿಸುತ್ತಿದೆ. ಶಾಖೆಗೆ ಹೋದರೆ ಮೆಷಿನ್ ನಮ್ಮದಲ್ಲ, ಆ ಬ್ಯಾಂಕಿನವರನ್ನ ಕೇಳಿ ಅನ್ನುತ್ತಾರೆ. ಅವರ ಹತ್ತಿರ ಹೋದರೆ ಕಾರ್ಡ್ ಕೊಟ್ಟವರನ್ನೇ ಕೇಳಿ ಅನ್ನುತ್ತಾರೆ. ಕಾರ್ಡ್ ಕೊಟ್ಟಿದ್ದು ನನ್ನ ಬ್ಯಾಂಕ್, ದುಡ್ಡು ಕಡಿತ ಆಗಿದ್ದೂ ಅಲ್ಲೇ ಇರುವ ಖಾತೆಯಿಂದ, ಹಾಗಿರುವಾಗ ಆ ಇನ್ನೊಂದು ಬ್ಯಾಂಕಿನ ಜೊತೆ ಮಾತಾಡಿ ಬಗೆಹರಿಸೋದು ಇವರ ಕೆಲಸ ಅಲ್ವಾ?

ರಿಸರ್ವ್ ಬ್ಯಾಂಕಿನ 20 ಸೆಪ್ಟೆಂಬರ್ 2019ರ ಸುತ್ತೋಲೆ ಪ್ರಕಾರ, ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಡಿತವಾದರೆ ವ್ಯವಹಾರದ ದಿನದಿಂದ 5 ದಿನದೊಳಗೆ ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ. ಅದನ್ನೂ ಗ್ರಾಹಕರು ಕೇಳುವ ತನಕ ಕಾಯದೆ ತಾವಾಗಿಯೇ ಕೊಡಬೇಕು ಅಂತಿದೆ. ನಾನು ಬಾಯಿಬಿಟ್ಟು ಕೇಳಿದರೂ ಅಸಲೇ ಬಂದಿಲ್ಲ. ಗಡುವು ಮಾರ್ಚ್ 8ಕ್ಕೆ ಮುಗಿದಿದೆ. 9ರಿಂದ ಇವತ್ತಿನವರೆಗೆ 44 ದಿನ, ಅಂದರೆ ₹4,400.

ನಾನು ಕೇಳೋದು ಇಷ್ಟೇ. ₹10,000 ವಾಪಸ್ ಬರಬೇಕು, ಜೊತೆಗೆ ಅದು ಖಾತೆಗೆ ಬೀಳುವ ದಿನದವರೆಗಿನ ಪರಿಹಾರವೂ ಬರಬೇಕು. 'ಹಣ ಕೊಟ್ಟಾಗಿದೆ' ಅಂತ ಬ್ಯಾಂಕ್ ಹೇಳಿದರೆ, ಆ ಮೆಷಿನ್‌ನ ಜರ್ನಲ್ ಲಾಗ್ ಮತ್ತು ಆ ಸಲದ ನಗದು ತಾಳೆಯ ಲೆಕ್ಕ ತರಿಸಿ ನೋಡಿ. ನೋಟು ಒಳಗೇ ಉಳಿದಿದ್ದರೆ ಲೆಕ್ಕದಲ್ಲಿ ಹೆಚ್ಚುವರಿ ಕಾಣಲೇಬೇಕು. ಸಿಸಿಟಿವಿ ದೃಶ್ಯ ಅಳಿಸಿಹೋಗದಂತೆ ಇಟ್ಟುಕೊಳ್ಳಲು ಈಗಲೇ ಹೇಳಿ, ಈಗಾಗಲೇ ತಡವಾಗಿದೆ.

2021ರ ಸಂಯೋಜಿತ ಒಂಬುಡ್ಸ್‌ಮನ್ ಯೋಜನೆಯಲ್ಲಿ ಹೇಳಿರುವ ಹಾಗೆ 30 ದಿನ ಕಾದ ಮೇಲೆಯೇ ನಿಮ್ಮ ಹತ್ತಿರ ಬಂದಿದ್ದೇನೆ. ಇದೇ ವಿಷಯಕ್ಕೆ ಕೋರ್ಟಿಗಾಗಲಿ ಗ್ರಾಹಕರ ಆಯೋಗಕ್ಕಾಗಲಿ ಹೋಗಿಲ್ಲ. ಎಟಿಎಂ ಚೀಟಿ, ಮೆಸೇಜ್‌ನ ಸ್ಕ್ರೀನ್‌ಶಾಟ್, ಪಾಸ್‌ಬುಕ್ ಪುಟ, ಸೀಲ್ ಇರುವ ದೂರಿನ ಪ್ರತಿ ಲಗತ್ತಿಸಿದ್ದೇನೆ. ಚೀಟಿಯ ಅಕ್ಷರ ಮಾಸುತ್ತಿದೆ, ಅದಕ್ಕೇ ಮೊದಲ ದಿನ ತೆಗೆದ ಫೋಟೋವನ್ನೂ ಸೇರಿಸಿದ್ದೇನೆ.

ಇಂತಿ,
ಮಂಜುಳಾ ಎಚ್.