ಫೆಬ್ರವರಿ 12ರ ಡೆಮೊ: ಯಾರ್‍ಯಾರು ಬರುತ್ತೀರಿ, ಏನೇನು ಕೇಳಬೇಕು? ಸೋಮವಾರದೊಳಗೆ ತಿಳಿಸಿ

ಹಾಸನ
3 ಫೆಬ್ರವರಿ 2026, ಮಂಗಳವಾರ

ಮಂಜೇಗೌಡರಿಗೆ ನಮಸ್ಕಾರ,

ಹೋದ ವಾರ ಫೋನಿನಲ್ಲಿ ಮಾತಾಡಿದ ಹಾಗೆ, ಹಾಲು ಸಂಗ್ರಹ ಯಂತ್ರದ ಡೆಮೊ ಫೆಬ್ರವರಿ 12, ಗುರುವಾರ, ಬೆಳಿಗ್ಗೆ 10.30ಕ್ಕೆ. ಜಾಗ ಹಾಸನದ ಬಿ.ಎಂ. ರಸ್ತೆಯಲ್ಲಿರುವ ನಮ್ಮ ಆಫೀಸು, ಮೊದಲ ಮಹಡಿ. ಶಿವರಾತ್ರಿ 15ಕ್ಕೆ ಇರುವುದರಿಂದ ಅದಕ್ಕೆ ಮುಂಚೆಯೇ ಮುಗಿಸೋಣ ಅಂತ ನೀವೇ ಹೇಳಿದ್ದಿರಿ. ಅದರಂತೆ ಆ ದಿನ ಬೇರೆ ಯಾವ ಸಂಘಕ್ಕೂ ಸಮಯ ಕೊಟ್ಟಿಲ್ಲ.

ನಿಮ್ಮಿಂದ ನನಗೆ ಈಗ ಎರಡು ವಿಷಯ ಬೇಕು. ಯಾರ್‍ಯಾರು ಬರುತ್ತೀರಿ ಅನ್ನುವುದು ಒಂದು, ನಿಮ್ಮ ಪ್ರಶ್ನೆಗಳು ಇನ್ನೊಂದು. ಎರಡನ್ನೂ ಫೆಬ್ರವರಿ 9, ಸೋಮವಾರ ಸಂಜೆಯೊಳಗೆ ಕಳಿಸಿದರೆ ಉಪಕಾರವಾಗುತ್ತದೆ. ಈ ಮೇಲ್‌ಗೇ ಉತ್ತರ ಬರೆಯಬಹುದು. ಅದು ರಗಳೆ ಅನ್ನಿಸಿದರೆ ನೀವು ಹೋದ ವಾರ ಫೋನ್ ಮಾಡಿದ ನಂಬರಿಗೇ ವಾಟ್ಸಾಪ್ ಮಾಡಿ. ಪ್ರಶ್ನೆಗಳನ್ನು ಟೈಪ್ ಮಾಡಲೇಬೇಕು ಅಂತಿಲ್ಲ. ಹಾಳೆ ಮೇಲೆ ಬರೆದು ಫೋಟೊ ತೆಗೆದು ಕಳಿಸಿದರೂ ಆಯಿತು, ವಾಯ್ಸ್ ಮೆಸೇಜ್ ಆದರೂ ಆಯಿತು.

ಮೊದಲು ಬರುವವರ ವಿಚಾರ. ಯಂತ್ರದ ಸುತ್ತ ಆರು ಜನ ಆರಾಮಾಗಿ ನಿಂತು ನೋಡಬಹುದು. ಅದಕ್ಕಿಂತ ಜಾಸ್ತಿಯಾದರೆ ಹಿಂದಿನವರಿಗೆ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಅಧ್ಯಕ್ಷರು ಮತ್ತು ನೀವು ಹೇಗೂ ಬರುತ್ತೀರಿ. ನಿರ್ದೇಶಕರಲ್ಲಿ ಒಬ್ಬರೋ ಇಬ್ಬರೋ ಬಂದರೆ ಒಳ್ಳೆಯದು. ಆದರೆ ನಿಮ್ಮ ಟೆಸ್ಟರ್ ಮಾತ್ರ ತಪ್ಪಿಸಬಾರದು. ದಿನಾ ಎರಡು ಹೊತ್ತು ಯಂತ್ರದ ಮುಂದೆ ಕೂರುವವರು ಅವರೇ, ಅಲ್ವಾ? ಆಡಳಿತ ಮಂಡಳಿ ಪೂರ್ತಿ ಬಂದು ಟೆಸ್ಟರ್ ಊರಲ್ಲೇ ಉಳಿದರೆ, ಅದೇ ಡೆಮೊವನ್ನು ಇನ್ನೊಮ್ಮೆ ಮಾಡಬೇಕಾಗುತ್ತದೆ.

ಇನ್ನೊಂದು ಮಾತು ಸಂಕೋಚ ಬಿಟ್ಟು ಹೇಳುತ್ತೇನೆ. 'ಮಿಷನ್ ಬಂದರೆ ನಮಗೆ ಮೋಸ ಆಗುತ್ತೆ' ಅಂತ ಒಬ್ಬ ಅಮ್ಮ ಜಗಳಕ್ಕೆ ನಿಂತಿದ್ದಾರೆ ಅಂದಿರಲ್ಲ, ಅವರನ್ನೂ ಕರೆದುಕೊಂಡು ಬನ್ನಿ. ನಿಜವಾಗಲೂ ಹೇಳುತ್ತಿದ್ದೇನೆ. ಅವರ ಅನುಮಾನ ಇಲ್ಲೇ ಬಗೆಹರಿದರೆ ನಾಳೆ ನಿಮ್ಮ ಡೈರಿ ಬಾಗಿಲಲ್ಲಿ ಅರ್ಧ ಜಗಳ ಕಡಿಮೆಯಾಗುತ್ತದೆ. ಬಗೆಹರಿಯದಿದ್ದರೆ ತಪ್ಪು ನಮ್ಮ ಕಡೆ ಎಲ್ಲೋ ಇದೆ ಅಂತ ನಮಗಾದರೂ ಗೊತ್ತಾಗುತ್ತದೆ.

ಬರುವವರ ಹೆಸರು, ಬಸ್ಸೋ ಸ್ವಂತ ಗಾಡಿಯೋ ಅನ್ನುವುದನ್ನು ತಿಳಿಸಿ. ಊಟ ನಮ್ಮಲ್ಲೇ, ಹಾಗಾಗಿ ತಲೆ ಲೆಕ್ಕ ಬೇಕು. ಬೆಳಗಿನ ಹಾಲು ಕಳಿಸಿ ಹೊರಟರೆ 10.30ಕ್ಕೆ ತಲುಪಬಹುದು ಅಂದುಕೊಂಡಿದ್ದೇನೆ. ಅರ್ಧ ಗಂಟೆ ತಡವಾದರೂ ಚಿಂತೆಯಿಲ್ಲ, ಹಾದಿಯಿಂದ ಒಂದು ಫೋನ್ ಮಾಡಿ. ಊಟ ಮುಗಿಸಿ 2 ಗಂಟೆಗೆಲ್ಲ ನಿಮ್ಮನ್ನು ಬಿಟ್ಟುಕೊಡುತ್ತೇವೆ. ಸಂಜೆ ಹಾಲು ಹಾಕಿಸಿಕೊಳ್ಳುವ ಹೊತ್ತಿಗೆ ಊರಲ್ಲಿರುತ್ತೀರಿ.

ಈಗ ಪ್ರಶ್ನೆಗಳ ವಿಚಾರ. ಮುಂಚೆಯೇ ಯಾಕೆ ಬೇಕು, ಅಲ್ಲೇ ಬಂದು ಕೇಳಿದರಾಗದೇ ಅಂತ ನಿಮಗನ್ನಿಸಬಹುದು. ಕೇಳಬಹುದು, ಖಂಡಿತ. ಆದರೆ ಕೆಲವು ಪ್ರಶ್ನೆಗಳಿಗೆ ಬಾಯಲ್ಲಿ ಉತ್ತರ ಹೇಳಿದರೆ ಸಾಲದು, ಯಂತ್ರದಲ್ಲಿ ಮಾಡಿ ತೋರಿಸಬೇಕು. ಅದಕ್ಕೆ ನಾವು ಮೊದಲೇ ತಯಾರಿ ಮಾಡಿಕೊಳ್ಳಬೇಕು.

ಇದನ್ನು ನಾವು ಪೆಟ್ಟು ತಿಂದೇ ಕಲಿತಿದ್ದು. ಹಿಂದೆ ಒಂದು ಸಂಘದವರಿಗೆ ಡೆಮೊ ಮಾಡಿದಾಗ ಅಂಗಡಿಯಿಂದ ತಂದ ಪ್ಯಾಕೆಟ್ ಹಾಲು ಬಳಸಿದೆವು. ಪ್ಯಾಕೆಟ್ ಹಾಲು ಮೊದಲೇ ಹದ ಮಾಡಿ ತುಂಬಿದ್ದು. ಹತ್ತು ಸಲ ಹಾಕಿದರೂ ಫ್ಯಾಟ್ ಅಷ್ಟೇ ಬಂತು. ಎಲ್ಲರೂ ತಲೆದೂಗಿದರು. ಯಂತ್ರ ಅವರೂರಿಗೆ ಹೋದ ಮೊದಲ ಬೆಳಿಗ್ಗೆ, ಆಗಷ್ಟೇ ಕರೆದು ತಂದ ನೊರೆಹಾಲು ಹಾಕಿದಾಗ ಒಂದೇ ಹಾಲಿಗೆ ಎರಡು ಸಲ ಎರಡು ಥರ ರೀಡಿಂಗ್! ನೊರೆ ಇಳಿಯಲು ಬಿಡಬೇಕು ಅಂತ ನಾವು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಎಂಟು ದಿನ ಯಂತ್ರದ ಮೇಲೆ ಬಟ್ಟೆ ಮುಚ್ಚಿಟ್ಟಿದ್ದರು. ಆಮೇಲೆ ಎಲ್ಲ ಸರಿಹೋಯಿತು ಅನ್ನಿ. ಆದರೆ ಅಂದಿನಿಂದ ಡೆಮೊಗೆ ಪ್ಯಾಕೆಟ್ ಹಾಲು ನಿಲ್ಲಿಸಿಬಿಟ್ಟೆವು.

ಹಾಗಾಗಿ ನಿಮ್ಮೂರಿನ ಹಾಲನ್ನೇ ತನ್ನಿ. ಹಸುವಿನದು ಕಾಲು ಲೀಟರ್, ಎಮ್ಮೆಯದು ಕಾಲು ಲೀಟರ್, ಬೇರೆ ಬೇರೆ ಬಾಟಲಿಯಲ್ಲಿ. ಎರಡಕ್ಕೂ ಯಂತ್ರದಲ್ಲಿ ಬೇರೆ ಬೇರೆ ಹೊಂದಾಣಿಕೆ ಇರುತ್ತದೆ, ಒಂದರಲ್ಲಿ ಇನ್ನೊಂದನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ಕಾಯಿಸಬೇಡಿ. ಬಾಟಲಿಯನ್ನು ಐಸ್ ಹಾಕಿದ ಡಬ್ಬಿಯಲ್ಲಿಟ್ಟು ತನ್ನಿ, ಯಾಕೆಂದರೆ ಹುಳಿ ತಿರುಗಿದ ಹಾಲು ಯಂತ್ರದ ಸಣ್ಣ ನಳಿಗೆಯಲ್ಲಿ ಕಟ್ಟಿಕೊಳ್ಳುತ್ತದೆ. ತಣ್ಣಗಾದಾಗ ಕೆನೆ ಮೇಲೆ ನಿಲ್ಲುತ್ತದಲ್ಲ, ಅದನ್ನು ಇಲ್ಲಿ ಉಗುರುಬೆಚ್ಚಗೆ ಮಾಡಿ, ಮೆಲ್ಲಗೆ ಬೆರೆಸಿ ಹಾಕುತ್ತೇವೆ. ಅದೇ ಹಾಲನ್ನು ಬೆಳಿಗ್ಗೆ ನಿಮ್ಮ ಟೆಸ್ಟರ್ ಕೈಯಲ್ಲೂ ಒಮ್ಮೆ ಟೆಸ್ಟ್ ಮಾಡಿಸಿ, ಫ್ಯಾಟ್ ಮತ್ತು ಡಿಗ್ರಿ ಬರೆದುಕೊಂಡು ಬನ್ನಿ. ನಮಗೆ ಮೊದಲೇ ಹೇಳಬೇಡಿ. ಯಂತ್ರ ತೋರಿಸಿದ ಮೇಲೆ ಚೀಟಿ ತೆಗೆಯಿರಿ.

ನಿಮ್ಮಲ್ಲಿ ಈಗ ಗರ್ಬರ್ ವಿಧಾನದಲ್ಲೇ ಫ್ಯಾಟ್ ನೋಡುತ್ತೀರಿ ಅಂದಿರಿ. 10 ಮಿಲಿ ಆಸಿಡ್, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ ತಿರುಗಿಸುವ ಕೆಲಸ ನಿಮ್ಮ ಟೆಸ್ಟರ್‌ಗೆ ಕಣ್ಣು ಮುಚ್ಚಿದರೂ ಬರುತ್ತದೆ. ಅದು ಹಳೆಯದು ಅಂತ ನಾನು ಹೀಗಳೆಯುವುದಿಲ್ಲ. ನಮ್ಮ ಯಂತ್ರ ಹಾಲಿನೊಳಗೆ ಶಬ್ದದ ಅಲೆ ಹಾಯಿಸಿ ಅಳೆಯುತ್ತದೆ. ಅದು ಸರಿಯಿದೆಯೋ ಇಲ್ಲವೋ ಅಂತ ತಾಳೆ ನೋಡುವುದೇ ಗರ್ಬರ್ ಟೆಸ್ಟ್ ಜೊತೆ. ಆದ್ದರಿಂದ ಯಂತ್ರ ಬಂದ ಮೇಲೂ ಆ ಗಾಜಿನ ಕೊಳವೆಗಳನ್ನು ಎಸೆಯಬೇಡಿ.

ಪ್ರಶ್ನೆ ಕಳಿಸುವಾಗ ಒಂದು ಮಾಹಿತಿಯನ್ನು ಮಾತ್ರ ಮರೆಯದೆ ಸೇರಿಸಿ. ನಿಮ್ಮ ಒಕ್ಕೂಟದವರು ಎಸ್‌ಎನ್‌ಎಫ್ ಲೆಕ್ಕಕ್ಕೆ ಯಾವ ಸೂತ್ರ ಹಿಡಿಯುತ್ತಾರೆ? ಡೈರಿಗಳಲ್ಲಿ ಒಂದಕ್ಕಿಂತ ಹೆಚ್ಚು ಸೂತ್ರ ಬಳಕೆಯಲ್ಲಿವೆ. ಎರಡನ್ನು ಇಲ್ಲಿ ಕೊಟ್ಟಿದ್ದೇನೆ:

```
SNF = CLR/4 + 0.20 × FAT + 0.36
SNF = CLR/4 + 0.25 × FAT + 0.44
```

ಹಾಲಿನ ಡಿಗ್ರಿ 28, ಫ್ಯಾಟ್ 4 ಇದೆ ಅಂತ ಇಟ್ಟುಕೊಳ್ಳಿ. ಮೊದಲ ಸೂತ್ರದಲ್ಲಿ ಎಸ್‌ಎನ್‌ಎಫ್ 8.16 ಬರುತ್ತದೆ, ಎರಡನೆಯದರಲ್ಲಿ 8.44. ಹಸುವಿನ ಹಾಲಿಗೆ ಎಫ್‌ಎಸ್‌ಎಸ್‌ಎಐ ಇಟ್ಟಿರುವ ಕನಿಷ್ಠ ಮಟ್ಟ 8.3. ಅಂದರೆ ಅದೇ ಹಸು, ಅದೇ ಹಾಲು, ಒಂದು ಸೂತ್ರದಲ್ಲಿ ಪಾಸು, ಇನ್ನೊಂದರಲ್ಲಿ ಫೇಲು! ಯಂತ್ರದಲ್ಲಿ ಒಂದು ಸೂತ್ರ, ಒಕ್ಕೂಟದಲ್ಲಿ ಇನ್ನೊಂದು ಇದ್ದರೆ ವ್ಯತ್ಯಾಸದ ದುಡ್ಡು ಕಟ್ಟಿಕೊಡುವವರು ಯಾರು? ಕೊನೆಗೆ ಬೈಗುಳ ತಿನ್ನುವವರು ನೀವು. ಒಕ್ಕೂಟದ ದರಪಟ್ಟಿಯ ಫೋಟೊ ಒಂದು ಕಳಿಸಿದರೆ ಸಾಕು. ಡೆಮೊ ದಿನ ನಿಮ್ಮ ದರವನ್ನೇ ಯಂತ್ರಕ್ಕೆ ಹಾಕಿಟ್ಟಿರುತ್ತೇವೆ, ಚೀಟಿಯಲ್ಲಿ ನಿಜವಾದ ರೂಪಾಯಿಯೇ ಬರುತ್ತದೆ.

ಇನ್ನು ನಿಮ್ಮ ಊರಿಗೇ ಸೇರಿದ ಪ್ರಶ್ನೆಗಳಿರುತ್ತವೆ. ಉದಾಹರಣೆಗೆ, ಬೆಳಿಗ್ಗೆ 140 ಜನ ಹಾಲು ಹಾಕುತ್ತಾರೆ ಅಂದಿರಿ. ಒಬ್ಬರಿಗೆ 40 ಸೆಕೆಂಡ್ ಹಿಡಿದರೂ ಒಂದೂವರೆ ಗಂಟೆ ದಾಟುತ್ತದೆ. ಹಾಲಿನ ಗಾಡಿ ನಿಮ್ಮಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತದೆ ಅಂತ ತಿಳಿಸಿದರೆ, ಒಂದು ಯಂತ್ರ ಸಾಕೋ ಎರಡು ಬೇಕೋ ಅಂತ ಅಂದೇ ಲೆಕ್ಕ ಹಾಕಿ ನೋಡೋಣ. ಎರಡು ಮಾರುವುದು ನನಗೆ ಲಾಭ, ಗೊತ್ತು. ಆದರೂ ಒಂದೇ ಸಾಕಾದರೆ ಒಂದೇ ಅಂತ ಹೇಳುತ್ತೇನೆ.

ಕರೆಂಟ್ ಹೋದರೆ ಏನು ಗತಿ, ತೂಕ ಮತ್ತು ಫ್ಯಾಟ್ ಹಾಲು ಹಾಕುವವರಿಗೂ ಕಾಣುವ ಹಾಗೆ ಬೋರ್ಡ್ ಇರುತ್ತದಾ, ಬಟವಾಡೆ ಪಟ್ಟಿ ತಾನಾಗಿ ತಯಾರಾಗುತ್ತದಾ, ಓದು ಬಾರದವರಿಗೆ ಚೀಟಿ ಅರ್ಥವಾಗುವುದು ಹೇಗೆ, ಕೆಟ್ಟರೆ ರಿಪೇರಿಗೆ ಯಾರು ಎಷ್ಟು ದಿನದಲ್ಲಿ ಬರುತ್ತಾರೆ... ಇಂಥವೆಲ್ಲ ಕೇಳಿ. ಕರೆಂಟಿನ ಪ್ರಶ್ನೆ ನೀವು ಕೇಳದಿದ್ದರೂ ಅವತ್ತು ಮಧ್ಯದಲ್ಲಿ ಒಮ್ಮೆ ಪ್ಲಗ್ ಕಿತ್ತೇ ತೋರಿಸುತ್ತೇನೆ. 'ಇದನ್ನೆಲ್ಲ ಕೇಳಿದರೆ ಏನಂದುಕೊಳ್ಳುತ್ತಾರೋ' ಅಂತ ಯಾವುದನ್ನೂ ಬಿಡಬೇಡಿ. ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗಳನ್ನು ಮುಖ್ಯವಾಗಿ ಬರೆದುಕೊಳ್ಳಿ. ಹಸುವಿನ ಜೊತೆ ಇಡೀ ದಿನ ಇರುವವರು ಅವರು. 'ನಮ್ಮ ಹಸು, ಪಕ್ಕದ ಮನೆ ಹಸು ಒಂದೇ ಮೇವು ತಿನ್ನುತ್ತವೆ, ಫ್ಯಾಟ್ ಯಾಕೆ ಬೇರೆ?' ಅಂತ ಒಬ್ಬರು ಕೇಳಿದ್ದರು. ತಳಿ, ಕರು ಹಾಕಿ ಎಷ್ಟು ದಿನವಾಯಿತು, ಕೊನೆಯ ಹಾಲನ್ನು ಪೂರ್ತಿ ಕರೆದಿದ್ದಾರಾ ಅಂತ ಉತ್ತರ ಹೇಳುವಷ್ಟರಲ್ಲಿ ನಮ್ಮ ಎಂಜಿನಿಯರ್ ಬೆವತುಹೋದ. ಈ ಸಲ ಅವನನ್ನು ತಯಾರು ಮಾಡಿಕೊಂಡೇ ಕೂರಿಸುತ್ತೇನೆ.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೇಸರವಾಗುವುದು ಬೇಡ. ಹಾಲಿಗೆ ನೀರು ಬೆರೆಸಿದ್ದರೆ ಯಂತ್ರ ಅಂದಾಜು ಹೇಳುತ್ತದೆ. ಆದರೆ ಸಕ್ಕರೆ, ಉಪ್ಪು, ಯೂರಿಯಾ ಬೆರೆಸಿದ್ದರೆ ಎಸ್‌ಎನ್‌ಎಫ್ ಜಾಸ್ತಿ ತೋರಿಸಿ ಮೋಸಹೋಗಲೂಬಹುದು. ಅದಕ್ಕೆ ಬೇರೆ ಟೆಸ್ಟ್ ಮಾಡಲೇಬೇಕು. 'ಈ ಮಿಷನ್ ಎಲ್ಲ ಕಲಬೆರಕೆ ಹಿಡಿಯುತ್ತೆ' ಅಂತ ಯಾರಾದರೂ ನಿಮಗೆ ಹೇಳಿದ್ದರೆ, ಅದು ನಮ್ಮವರಂತೂ ಆಗಿರಬಾರದು.

ಬೆಲೆಯ ಮಾತು ಅವತ್ತು ಬೇಡ. ಯಂತ್ರ ನೋಡಿ, ಊರಿಗೆ ಹೋಗಿ, ಸಭೆಯಲ್ಲಿ ಮಾತಾಡಿಕೊಂಡು ತಿಳಿಸಿ. ಕೊಟೇಶನ್ ಬೇಕು ಅಂದರೆ ಆಗ ಕಳಿಸುತ್ತೇನೆ. ಡೆಮೊಗೆ ಬಂದಿರಿ ಅಂದಮಾತ್ರಕ್ಕೆ ಕೊಳ್ಳಲೇಬೇಕು ಅಂತೇನೂ ಇಲ್ಲ.

12ನೇ ತಾರೀಕು ಆಗುವುದಿಲ್ಲ ಅಂತಾದರೆ ಅದನ್ನೂ ಸೋಮವಾರದೊಳಗೇ ಹೇಳಿ. ಮರುವಾರ, 19ನೇ ತಾರೀಕು ಗುರುವಾರವೂ ಬಿಡುವಿದೆ. ಊರಲ್ಲಿ ಏನಾದರೂ ಕಾರ್ಯ ಬಂದು ಕೊನೇ ಗಳಿಗೆಯಲ್ಲಿ ತಪ್ಪಿದರೂ ಅರ್ಥವಾಗುತ್ತದೆ, ಒಂದು ಫೋನ್ ಮಾಡಿದರೆ ಸಾಕು. ನಿಮ್ಮ ಉತ್ತರ ಬಾರದಿದ್ದರೆ ಮಂಗಳವಾರ ಬೆಳಿಗ್ಗೆ ನಾನೇ ಫೋನ್ ಮಾಡುತ್ತೇನೆ. ನಿಮ್ಮ ಬೆಳಗಿನ ಗಡಿಬಿಡಿ ಮುಗಿದ ಮೇಲೆ, 10 ಗಂಟೆ ಹೊತ್ತಿಗೆ.

ಅಧ್ಯಕ್ಷರಿಗೂ ಈ ಪತ್ರ ತೋರಿಸಿ, ನನ್ನ ನಮಸ್ಕಾರ ತಿಳಿಸಿ.

ಇಂತಿ,
ಶೈಲಜಾ
ಹಾಲು ಸಂಗ್ರಹ ಯಂತ್ರಗಳ ವಿಭಾಗ, ಹಾಸನ

ಮರೆತ ಮಾತು: ಆಫೀಸಿನಲ್ಲಿ ಲಿಫ್ಟ್ ಇಲ್ಲ. ಅಧ್ಯಕ್ಷರಿಗೆ ಮಂಡಿನೋವು ಅಂದಿದ್ದಿರಿ. ಅವರು ಬರುವುದಾದರೆ ಮೊದಲೇ ಹೇಳಿ, ಯಂತ್ರವನ್ನೇ ಕೆಳಗಿನ ಗೋಡೌನಿಗೆ ಇಳಿಸಿ ಅಲ್ಲೇ ಕುರ್ಚಿ ಹಾಕಿಸುತ್ತೇನೆ.