ನಾಳೆ ಮಣ್ಣು ತರಲು ಹೊರಡುವವರಿಗೆ

ಎಲ್ಲರೂ ಬಂದಿರಾ? ಕೂತುಕೊಳ್ಳಿ, ಹತ್ತೇ ನಿಮಿಷ.

ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಆಳದ ಮಣ್ಣೆಲ್ಲ ಸೇರಿದರೆ ಸುಮಾರು 9 ಲಕ್ಷ ಕೆಜಿ ಆಗುತ್ತದೆ. ನಾವು ತರುವುದು ಅರ್ಧ ಕೆಜಿ. ಲ್ಯಾಬಿನವರು ಅದರಲ್ಲೂ ಕೆಲವೇ ಗ್ರಾಂ ತೆಗೆದು ಪರೀಕ್ಷೆ ಮಾಡುತ್ತಾರೆ. ಹಾಗಾಗಿ ಚೀಲಕ್ಕೆ ಬಿದ್ದ ಒಂದು ಚಿಟಿಕೆ ಗೊಬ್ಬರವೂ ಇಡೀ ಹೊಲದ ಲೆಕ್ಕ ಕೆಡಿಸುತ್ತದೆ. ಯಂತ್ರ ಎಷ್ಟೇ ದುಬಾರಿಯದಾಗಿರಲಿ, ಚೀಲದಲ್ಲಿ ಇದ್ದದ್ದನ್ನೇ ಅದು ಹೇಳುವುದು, ಅಲ್ವಾ?

ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಹತ್ತು ಹದಿನೈದು ಕಡೆ ಮಣ್ಣು ತೆಗೆಯಿರಿ. ಬದು, ಮರದ ನೆರಳು, ನೀರಿನ ಕಾಲುವೆ, ತಿಪ್ಪೆ ಹಾಕಿದ್ದ ಜಾಗ ಬೇಡ. ಮೊನ್ನೆ ಮೊನ್ನೆ ಗೊಬ್ಬರ ಹಾಕಿದ ಹೊಲವಾದರೆ ಸದ್ಯಕ್ಕೆ ಬಿಟ್ಟುಬಿಡಿ.

ಮೇಲಿನ ಕಸಕಡ್ಡಿ ಸರಿಸಿ, ಮಣ್ಣನ್ನು ಮಾತ್ರ ಕೆರೆಯಬೇಡಿ. 15 ಸೆಂಟಿಮೀಟರ್ ಆಳಕ್ಕೆ ‘ವಿ’ ಆಕಾರದ ಗುಂಡಿ ತೋಡಿ. ಆ ಮಣ್ಣು ನಮಗೆ ಬೇಡ, ಪಕ್ಕಕ್ಕೆ ಹಾಕಿ. ಗುಂಡಿಯ ಒಂದು ಬದಿಯಿಂದ, ಮೇಲಿನಿಂದ ತಳದವರೆಗೆ, ಎರಡು ಬೆರಳು ದಪ್ಪದ ಪದರ ಕೊಯ್ದು ಬಕೆಟ್‌ಗೆ ಹಾಕಿ. ಎಲ್ಲ ಗುಂಡಿಯಲ್ಲೂ ಒಂದೇ ಆಳ, ಒಂದೇ ದಪ್ಪ. ಬಿಸಿಲಿಗೆ ಬೇಜಾರಾಗಿ ಕೊನೆಯ ಗುಂಡಿಗಳು ಚಿಕ್ಕದಾಗುತ್ತವೆ, ಅದು ಎಲ್ಲರಿಗೂ ಆಗುವಂಥದ್ದೇ. ಆಗ ಸ್ಕೇಲ್ ಇಟ್ಟು ನೋಡಿ.

ಬಕೆಟ್ ಪ್ಲಾಸ್ಟಿಕ್‌ದೇ ಇರಲಿ. ಸತುವಿನ ಲೇಪ ಇರುವ ತಗಡಿನ ಬಕೆಟ್ ಬಳಸಿದರೆ ವರದಿಯಲ್ಲಿ ಸತು ಜಾಸ್ತಿ ಕಾಣಬಹುದು. ತುಕ್ಕು ಹಿಡಿದ ಗುದ್ದಲಿ, ಹಳೆಯ ಗೊಬ್ಬರದ ಚೀಲ ಎರಡೂ ಬೇಡ. ಒಂದು ಹೊಲ ಮುಗಿದ ಮೇಲೆ ಬಕೆಟ್, ಗುದ್ದಲಿ ಎರಡನ್ನೂ ಒರೆಸಿಯೇ ಮುಂದಿನ ಹೊಲಕ್ಕೆ ಕಾಲಿಡಿ.

ಮಣ್ಣನ್ನು ಚೆನ್ನಾಗಿ ಕಲಸಿ ಶುಭ್ರ ಹಾಳೆಯ ಮೇಲೆ ಹರಡಿ. ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ತೆಗೆದುಬಿಡಿ. ಅರ್ಧ ಕೆಜಿ ಉಳಿಯುವವರೆಗೂ ಹೀಗೇ. ಒದ್ದೆಯಿದ್ದರೆ ನೆರಳಲ್ಲಿ ಆರಿಸಿ, ಬಿಸಿಲಲ್ಲಿ ಅಲ್ಲ.

ಇನ್ನು ಲೇಬಲ್. ನನ್ನ ಪ್ರಕಾರ ಅಗೆಯುವುದಕ್ಕಿಂತ ಇದೇ ಕಷ್ಟ, ಯಾಕೆಂದರೆ ಇದು ಸುಲಭ ಅನ್ನಿಸುತ್ತದೆ. ‘ಆಮೇಲೆ ಬರೆದರಾಯ್ತು’ ಅಂದರೆ ಕೆಟ್ಟಿತು. ಮಣ್ಣು ತುಂಬಿದ ಮೂರು ಚೀಲ ಪಕ್ಕಪಕ್ಕ ಇಟ್ಟರೆ ಯಾವುದು ಯಾವ ಹೊಲದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಖಾಲಿ ಚೀಲದ ಮೇಲೆ ಮೊದಲು ಬರೆಯಿರಿ, ಆಮೇಲೆ ತುಂಬಿ. ಹೊರಗೆ ಅಳಿಸದ ಮಾರ್ಕರ್. ಇನ್ನೊಂದು ಚೀಟಿ ಪೆನ್ಸಿಲ್‌ನಲ್ಲಿ ಬರೆಯಿರಿ, ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಚೀಲಕ್ಕೆ ಇನ್ನೊಂದು ಚೀಲ ಹಾಕಿ, ಆ ಚೀಟಿಯನ್ನು ಎರಡರ ನಡುವೆ ಇಡಿ.

ನಮ್ಮ ನಂಬರ್ ಹೀಗಿರುತ್ತದೆ: 4-17-15. ನಾಲ್ಕನೇ ತಂಡ, ಹದಿನೇಳನೇ ಹೊಲ, 15 ಸೆಂಟಿಮೀಟರ್ ಆಳ. ಅದರ ಕೆಳಗೆ ತಾರೀಖು, ತೆಗೆದವರ ಹೆಸರು. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 6/7 ಅಂದರೆ ಜೂನೋ ಜುಲೈಯೋ? 1 ಮತ್ತು 7 ಒಂದೇ ಥರ ಕಾಣದಂತೆ ನೋಡಿಕೊಳ್ಳಿ.

ಒಬ್ಬರು ಚೀಲದ ನಂಬರ್ ಜೋರಾಗಿ ಓದಲಿ, ಜೊತೆಗಿರುವವರು ಕೇಳಿದ್ದನ್ನು ಪುಸ್ತಕದಲ್ಲಿ ಬರೆದು ವಾಪಸ್ ಓದಲಿ. ತಪ್ಪಾದರೆ ತಿದ್ದಿ ಗೀಚಬೇಡಿ, ಹೊಸ ಚೀಟಿ ಬರೆಯಿರಿ. ಯಾವುದೋ ಚೀಲದ ನಂಬರ್ ಅಳಿಸಿ ಅನುಮಾನ ಬಂತು ಅಂದುಕೊಳ್ಳಿ, ಸುಮ್ನೆ ಊಹೆ ಮಾಡಿ ಬರೆಯಬೇಡಿ. ಆ ಮಣ್ಣು ಚೆಲ್ಲಿ, ಆ ಹೊಲಕ್ಕೆ ಇನ್ನೊಮ್ಮೆ ಹೋಗಿ ಬನ್ನಿ. ಯಾರೂ ಬೈಯುವುದಿಲ್ಲ.